ಮಂಚದ ಕೆಳಗಿದ್ದ ಪಾರ್ಸೆಲ್

ಗಿರಾಕಿಯ ದೂರು ಸ್ಕ್ರೀನ್‌ಶಾಟ್ ಆಗಿ ಬಂದಾಗ ಅದರಲ್ಲಿ ಗಿರಾಕಿಯ ಮಾತು ಕಡಿಮೆ, ಮಾರಿದವರ ಮಾತೇ ಹೆಚ್ಚು ಇರುತ್ತದೆ. 2025ರ ಆಗಸ್ಟ್ 23, ಶನಿವಾರ ರಾತ್ರಿ ನಮ್ಮ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ದಾವಣಗೆರೆಯ ಒಬ್ಬರು ಹಾಕಿದ ಚಿತ್ರವೂ ಹಾಗೇ ಇತ್ತು. ಮೇಲೆ ನನ್ನ ಸಂದೇಶ, ಆಗಸ್ಟ್ 16ರ ಸಂಜೆ 6.12ರದು: “ಅಕ್ಕ, ನಿಮ್ಮ ಪಾರ್ಸೆಲ್ ಕಳಿಸಿದೆ. ಟ್ರ್ಯಾಕಿಂಗ್ ನಂಬರ್ ಇದು. ಶುಕ್ರವಾರದೊಳಗೆ ಬರುತ್ತೆ.” ಅದರ ಕೆಳಗೆ ಗುರುವಾರ ಅವರು ಕೇಳಿದ “ಎಲ್ಲಿಗೆ ಬಂತು?”, ಶುಕ್ರವಾರದ “ಇವತ್ತು ಬರುತ್ತಾ?”, ಶನಿವಾರ ಬೆಳಗಿನ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಮೂರಕ್ಕೂ ನಾನು ಓದಿದ್ದೇನೆಂಬ ನೀಲಿ ಗುರುತು ಬಿದ್ದಿತ್ತು, ಒಂದಕ್ಕೂ ಉತ್ತರ ಇರಲಿಲ್ಲ. ಚಿತ್ರದ ಜೊತೆ ಅವರು ಬರೆದದ್ದು ಒಂದೇ ಸಾಲು: “ಗೌರಿ ಹಬ್ಬಕ್ಕೆ ಅಂತ ದುಡ್ಡು ಕಟ್ಟಿ ಒಂಬತ್ತು ದಿನ ಆಯ್ತು, ಇವರು ಮಾತಾಡ್ತಿಲ್ಲ.”

ನಾನು ಮಾರುವುದು ದೇವರ ಅಲಂಕಾರದ ಸಾಮಾನು. ಗೌರಿಗೆ, ವರಮಹಾಲಕ್ಷ್ಮಿಯ ಕಲಶಕ್ಕೆ ಇಡುವ ಕಿರೀಟ, ಅಡ್ಡಿಗೆ, ಉದ್ದ ಸರ, ಪುಟ್ಟ ಮೂಗುತಿ, ಸೊಂಟದ ಡಾಬು, ಎಲ್ಲ ಕಲ್ಲು ಕೂರಿಸಿದ ನಕಲಿ ಒಡವೆಗಳು. ಇಲ್ಲಿ ಆಂಟಾಪ್ ಹಿಲ್‌ನಿಂದ ಜಿಟಿಬಿ ನಗರಕ್ಕೆ ಹೋಗಿ ಹಾರ್ಬರ್ ಲೈನ್ ಹಿಡಿದು ಮಸ್ಜಿದ್‌ನಲ್ಲಿ ಇಳಿದರೆ ಭುಲೇಶ್ವರದ ಗಲ್ಲಿಗಳಿಗೆ ನಡೆದೇ ಹೋಗಬಹುದು. ಅಲ್ಲಿ ದೇವರಿಗೆ ಬೇಕಾದ ಒಡವೆಗಳನ್ನೇ ಮಾರುವ ಅಂಗಡಿಗಳಿವೆ. ಮುಂಬಯಿಯ ಮರಾಠಿ ಮನೆಗಳ ಗೌರಿಗೂ ನಮ್ಮೂರ ಗೌರಿಗೂ ಉಡುಗೆ ಬೇರೆಯಾದರೂ ಒಡವೆಯ ಆಸೆ ಒಂದೇ. ಅಲ್ಲಿಂದ ತಂದದ್ದನ್ನು ನಾನು ಸೆಟ್ ಮಾಡಿ, ಫೋಟೋ ತೆಗೆದು, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯವರಿಗೆ ಕಳಿಸುತ್ತೇನೆ. ಗೋದಾಮು ಎಂದರೆ ಮಲಗುವ ಕೋಣೆಯ ಮಂಚದ ಕೆಳಗಿನ ಜಾಗ.

ಆಗಸ್ಟ್ 16ರ ಸಂಜೆ ಆ ಪಾರ್ಸೆಲ್ ಇದ್ದದ್ದೂ ಅಲ್ಲೇ.

ಇದು ಹೇಗೆ ಸಾಧ್ಯ ಎಂದು ಈ ವ್ಯಾಪಾರ ಮಾಡದವರಿಗೆ ಅನ್ನಿಸಬಹುದು. ನಮ್ಮಂಥ ಸಣ್ಣವರು ಕೊರಿಯರ್ ಕಂಪನಿಯ ಜೊತೆ ನೇರ ಒಪ್ಪಂದ ಮಾಡಿಕೊಳ್ಳುವುದಿಲ್ಲ. ಹಲವು ಕೊರಿಯರ್‌ಗಳನ್ನು ಒಂದೇ ಕಡೆ ತೋರಿಸುವ ಮಧ್ಯವರ್ತಿಯ ಪ್ಯಾನಲ್‌ನಲ್ಲಿ ಮೊದಲೇ ಹಣ ತುಂಬಿ, ವಿಳಾಸ, ತೂಕ, ಡಬ್ಬಿಯ ಅಳತೆ ಹಾಕುತ್ತೇವೆ. ಒಂದು ಗುಂಡಿ ಒತ್ತಿದರೆ ಲೇಬಲ್ ಬರುತ್ತದೆ, ಅದರ ಮೇಲೆಯೇ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ಪಾರ್ಸೆಲ್ ಮನೆಯಿಂದ ಒಂದು ಅಂಗುಲ ಕದಲದಿದ್ದರೂ ನಂಬರ್ ಹುಟ್ಟಿಬಿಟ್ಟಿರುತ್ತದೆ. ಗಿರಾಕಿ ಅದನ್ನು ಹಾಕಿ ನೋಡಿದರೆ ಪುಟವೂ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಪಿಕಪ್ ಶೆಡ್ಯೂಲ್ಡ್’ ಎಂದಿರುತ್ತದೆ, ಅಂದರೆ ತೆಗೆದುಕೊಂಡು ಹೋಗಲು ಯಾರೋ ಬರಬೇಕಾಗಿದೆ ಎಂದು. ಬಹಳ ಜನ ಆ ಸಾಲನ್ನು ಓದುವುದಿಲ್ಲ. ನಂಬರ್ ಸಿಕ್ಕಿತು, ಪಾರ್ಸೆಲ್ ಹೊರಟಿತು ಎಂದುಕೊಳ್ಳುತ್ತಾರೆ. ಮಾರುವವರಿಗೆ ಇದು ಗೊತ್ತು. ನನಗೂ ಗೊತ್ತಿತ್ತು. ನನ್ನ ಪುಟದ ಮೇಲೆ ‘24 ಗಂಟೆಯಲ್ಲಿ ರವಾನೆ’ ಎಂದು ದೊಡ್ಡದಾಗಿ ಬರೆದುಕೊಂಡಿದ್ದೆ. ಆ ಮಾತನ್ನು ಉಳಿಸಿಕೊಳ್ಳುವ ಸುಲಭದ ದಾರಿ ಲೇಬಲ್ ಮಾಡಿ ನಂಬರ್ ಕೊಟ್ಟುಬಿಡುವುದು.

ಆ ವಾರದ ಲೆಕ್ಕವನ್ನು ಈಗ ಹಾಕಿದರೆ ನಗು ಬರುತ್ತದೆ. ಅಕ್ಕ ಹಣ ಕಟ್ಟಿದ್ದು 14, ಗುರುವಾರ. ಶುಕ್ರವಾರ ಸ್ವಾತಂತ್ರ್ಯ ದಿನ. ಶನಿವಾರ ದಹಿ ಹಂಡಿ. ಆ ದಿನ ಲಾಲ್‌ಬಾಗ್, ದಾದರ್, ಸಾಯನ್ ಕಡೆಯ ಹುಡುಗರು ಮಡಕೆ ಒಡೆಯಲು ಟ್ರಕ್ಕು, ಬೈಕು ಹತ್ತಿ ಹೊರಟಿರುತ್ತಾರೆ, ಪಿಕಪ್‌ಗೆ ಬರುವ ಹುಡುಗನೂ ಬಹುಶಃ ಅವರಲ್ಲೊಬ್ಬ. ಭಾನುವಾರ ನಮ್ಮ ಕಡೆ ಪಿಕಪ್ ಇಲ್ಲ. ಅಂದರೆ ಎಲ್ಲ ಸರಿಯಾಗಿದ್ದರೂ ಪಾರ್ಸೆಲ್ ಹೊರಡುವುದು ಸೋಮವಾರ. ಮುಂಬಯಿಯಿಂದ ದಾವಣಗೆರೆಗೆ ರಸ್ತೆಯ ಮೇಲೆ ಹೋಗುವ ಅಗ್ಗದ ಸೇವೆಗೆ ನಾಲ್ಕೈದು ದಿನ ಬೇಕು. ಅಲ್ಲಿಗೆ ಶುಕ್ರವಾರ ಇಲ್ಲವೇ ಶನಿವಾರ. “ಶುಕ್ರವಾರದೊಳಗೆ” ಎಂದು ನಾನು ಬರೆದ ಗಳಿಗೆಯಲ್ಲೇ ಆ ಮಾತಿಗೆ ನಿಲ್ಲಲು ಜಾಗ ಇರಲಿಲ್ಲ. ಮಳೆ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ.

ಮಳೆ ಬಂತು. 18, 19ರಂದು ಮುಂಬಯಿ ಹೇಗೆ ಮುಳುಗಿತೆಂದು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಮಂಗಳವಾರ ಶಾಲೆ, ಸರ್ಕಾರಿ ಕಚೇರಿಗಳಿಗೆ ರಜೆ ಕೊಟ್ಟರು, ಹಾರ್ಬರ್ ಲೈನ್ ಗಂಟೆಗಟ್ಟಲೆ ನಿಂತಿತು. ಅದೇ ಸಂಜೆ ಜನ ಕಿಕ್ಕಿರಿದ ಮೋನೊರೈಲು ಭಕ್ತಿ ಪಾರ್ಕ್ ಮತ್ತು ಚೆಂಬೂರಿನ ಮೈಸೂರು ಕಾಲೊನಿ ನಿಲ್ದಾಣಗಳ ನಡುವೆ ಕಂಬದ ಮೇಲೆಯೇ ಕೆಟ್ಟು ನಿಂತು, ಅಗ್ನಿಶಾಮಕದವರು ಏಣಿ ಹಚ್ಚಿ ಐನೂರಕ್ಕೂ ಹೆಚ್ಚು ಮಂದಿಯನ್ನು ಇಳಿಸಬೇಕಾಯಿತು. ನಮ್ಮ ಕಟ್ಟಡದ ಕೆಳಗೆ ಮೊಣಕಾಲು ಮಟ್ಟ ನೀರು. ಅಂಥ ದಿನ ಪಿಕಪ್‌ಗೆ ಯಾಕೆ ಬರಲಿಲ್ಲ ಎಂದು ಯಾರನ್ನೂ ಕೇಳುವಂತಿರಲಿಲ್ಲ. ಹುಡುಗ ಬಂದದ್ದು ಬುಧವಾರ 20ರ ಮಧ್ಯಾಹ್ನ. ಮಂಚದ ಕೆಳಗಿನ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ಒಂದೊಂದನ್ನೂ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಹೋದ. ಗುರುವಾರ ರಾತ್ರಿ ಅವು ಭಿವಂಡಿಯ ಹಬ್ ತಲುಪಿದವು. ದಕ್ಷಿಣಕ್ಕೆ ಹೋಗಬೇಕಾದ ಪಾರ್ಸೆಲ್ ಮೊದಲು ಉತ್ತರಕ್ಕೆ ಯಾಕೆ ಹೋಗುತ್ತದೆ ಎಂದು ಅತ್ತೆ ಪ್ರತಿ ಸಲ ಕೇಳುತ್ತಾರೆ. ದೊಡ್ಡ ಗೋದಾಮುಗಳೆಲ್ಲ ಅಲ್ಲಿರುವುದರಿಂದ ಎಂಬ ಉತ್ತರ ಅವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಭಿವಂಡಿಯ ನಂತರ ಪುಟದಲ್ಲಿ ಹೊಸ ಸಾಲು ಬರಲಿಲ್ಲ. ಹಬ್‌ಗೆ ಬಂದ ಸ್ಕ್ಯಾನ್ ಇದ್ದು, ಅಲ್ಲಿಂದ ಹೊರಟ ಸ್ಕ್ಯಾನ್ ಒಂದು ದಿನ ದಾಟಿದರೂ ಬರದಿದ್ದರೆ ಪಾರ್ಸೆಲ್ ರಾಶಿಯಲ್ಲಿ ಕೂತಿದೆ ಎಂದೇ ಅರ್ಥ. ಮೇಲ್ಗಡೆ ‘ತಲುಪುವ ನಿರೀಕ್ಷೆ’ ಎಂದು ತೋರಿಸುವ ದಿನಾಂಕ ತಾನೇ ತಾನಾಗಿ ಒಂದೊಂದು ದಿನ ಮುಂದೆ ಹೋಗುತ್ತಿರುತ್ತದೆ, ಅದನ್ನು ನಂಬಬಾರದು.

ಗುರುವಾರ, ಶುಕ್ರವಾರ ಅಕ್ಕ ಕೇಳಿದಾಗ ನಾನು ಈ ಪುಟವನ್ನು ನೋಡಿಯೇ ಸುಮ್ಮನಾಗಿದ್ದೆ. ಒಳ್ಳೆಯ ಸುದ್ದಿ ಬಂದ ಮೇಲೆ ಹೇಳೋಣ ಎಂದು.

ಗುಂಪಿನಲ್ಲಿ ಚಿತ್ರ ಬಂದ ರಾತ್ರಿ ನಾನು ಬರೆದ ಉತ್ತರ ಹೀಗಿತ್ತು: “ನಮಸ್ಕಾರ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಮುಂಬಯಿಯ ಭಾರಿ ಮಳೆಯಿಂದಾಗಿ ಕೊರಿಯರ್ ಸೇವೆಯಲ್ಲಿ ವಿಳಂಬವಾಗಿದ್ದು, ಇದು ನಮ್ಮ ಕೈಮೀರಿದ ಸಂಗತಿಯಾಗಿದೆ. ದಯವಿಟ್ಟು ಸಹಕರಿಸಿ.” ಅದರ ಜೊತೆಗೆ, ಕಳಿಸಿದ್ದಕ್ಕೆ ಸಾಕ್ಷಿಯೆಂದು, ಲೇಬಲ್ಲಿನ ಫೋಟೋ.

ಬರೆದಾಗ ಇದು ತುಂಬಾ ಮರ್ಯಾದೆಯ ಉತ್ತರ ಎಂದು ನನಗೆ ಅನ್ನಿಸಿತ್ತು. ಒಂದು ಕೆಟ್ಟ ಮಾತಿಲ್ಲ, ಜಗಳವಿಲ್ಲ. ಆದರೆ ಹಿಂದಿನ ವಾರದವರೆಗೆ ಅವರನ್ನು ‘ಅಕ್ಕ’ ಎನ್ನುತ್ತಿದ್ದವಳು ಒಂದೇ ರಾತ್ರಿಯಲ್ಲಿ ‘ತಾವು’ಗೆ ಹೋಗಿದ್ದೆ, ಮಂಚದ ಕೆಳಗೆ ಅಂಗಡಿ ಇಟ್ಟುಕೊಂಡ ಒಬ್ಬಳೇ ಹೆಂಗಸು ‘ನಾವು’ ಆಗಿದ್ದೆ. ಪಾರ್ಸೆಲ್ ಈಗ ಎಲ್ಲಿದೆ, ಹಬ್ಬಕ್ಕೆ ಸಿಗುತ್ತದೋ ಇಲ್ಲವೋ, ಸಿಗದಿದ್ದರೆ ಏನು ಮಾಡುತ್ತೇನೆ ಎಂಬ ಅವರ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಉತ್ತರ ಫಲಿಸಲಿಲ್ಲ ಎಂದಲ್ಲ. ಫಲಿಸಿತು, ಅದೇ ತೊಂದರೆ. “ಪಾಪ, ಮಳೆ ನೋಡಿದೆವಲ್ಲ”, “ಅವರಾದರೂ ಏನು ಮಾಡ್ತಾರೆ” ಎಂದು ನಾಲ್ಕಾರು ಜನ ಕೈಮುಗಿದ ಚಿಹ್ನೆ ಹಾಕಿದರು. ದೂರು ಕೊಟ್ಟವರೇ ಗುಂಪಿನಲ್ಲಿ ಒಂಟಿಯಾದರು.

ಫೋಟೋದ ವಿಷಯ ಸ್ವಲ್ಪ ಹೊತ್ತಿಗೆ ಹೊಳೆಯಿತು. ಲೇಬಲ್ ಮೇಲೆ ಅವರ ಪೂರ್ತಿ ಹೆಸರು, ಮನೆ ನಂಬರ್, ಅಡ್ಡರಸ್ತೆ, ಮೊಬೈಲ್ ನಂಬರ್ ಎಲ್ಲ ಇರುತ್ತದೆ. ಅವರು ತಮ್ಮ ಸ್ಕ್ರೀನ್‌ಶಾಟ್‌ನಲ್ಲಿ ವಿಳಾಸದ ಭಾಗವನ್ನು ಕತ್ತರಿಸಿ ಹಾಕಿದ್ದರು. ನಾನು ಅದನ್ನೇ ಇನ್ನೂರು ಜನರ ಮುಂದೆ ಹರಡಿದ್ದೆ. ಎಲ್ಲರಿಗೂ ಅಳಿಸುವ ಸೌಲಭ್ಯ ಬಳಸಿ ತೆಗೆದೆ. ಅಷ್ಟರಲ್ಲಿ ಯಾರು ನೋಡಿದರೋ, ಯಾರು ಇಳಿಸಿಕೊಂಡರೋ, ಅದು ನನ್ನ ಕೈಯಲ್ಲಿರಲಿಲ್ಲ. ಮಾರುವವರ ಕಡೆಯ ಪ್ಯಾನಲ್ಲಿನ ಯಾವ ಚಿತ್ರವನ್ನೂ ಹಾಗೇ ಹೊರಗೆ ಹಾಕಬಾರದು. ಗಿರಾಕಿಗೆ ಕಾಣುವ ಪುಟಕ್ಕಿಂತ ನಮಗೆ ಕಾಣುವ ಪುಟದಲ್ಲಿ ಅವರ ಖಾಸಗಿ ವಿವರ ಬಹಳ ಹೆಚ್ಚು.

ಭಾನುವಾರ ಬೆಳಿಗ್ಗೆ ಎರಡನೆಯ ಸ್ಕ್ರೀನ್‌ಶಾಟ್ ಬಂತು. ಈ ಸಲ ಎರಡು ಚಿತ್ರ ಅಕ್ಕಪಕ್ಕ. ಒಂದರಲ್ಲಿ ನನ್ನ “ಪಾರ್ಸೆಲ್ ಕಳಿಸಿದೆ”, 16ರದು. ಇನ್ನೊಂದರಲ್ಲಿ ಟ್ರ್ಯಾಕಿಂಗ್ ಪುಟ: ‘ಪಿಕ್ಡ್ ಅಪ್’, 20 ಆಗಸ್ಟ್, ಮಧ್ಯಾಹ್ನ 3.20. ಕೆಳಗೆ ಅವರ ಪ್ರಶ್ನೆ: “ಟಿವಿಯಲ್ಲಿ ಮಳೆ ತೋರಿಸಿದ್ದು ಸೋಮವಾರ, ಮಂಗಳವಾರ. ಶನಿವಾರ ಕಳಿಸಿದ ಪಾರ್ಸೆಲ್ ಬುಧವಾರದ ತನಕ ಎಲ್ಲಿತ್ತು?”

ಸಿಟ್ಟು ಬಂತು. ಶನಿವಾರವೂ ಇಲ್ಲಿ ಮಳೆ ಸುರಿದಿತ್ತು, ವಿಕ್ರೋಲಿಯಲ್ಲಿ ಗುಡ್ಡ ಜರಿದು ಸಾವಾಗಿತ್ತು, ಅದರ ಸುದ್ದಿಯ ಚಿತ್ರ ಹುಡುಕಿ ಅವರ ಮುಖಕ್ಕೆ ಹಿಡಿಯಲೇ ಎಂದು ಮೊಬೈಲು ತಡಕಾಡಿದೆ. ಚಪಾತಿ ಹಿಟ್ಟು ನಾದುತ್ತಿದ್ದ ಅತ್ತೆ ಏನಾಯಿತೆಂದು ಕೇಳಿದರು. ಹೇಳಿದೆ. “ಶನಿವಾರ ಅದು ಮಂಚದ ಕೆಳಗೇ ಇತ್ತಲ್ಲೇ” ಎಂದರು. ನಾನು ಗುಡಿಸುವಾಗ ಡಬ್ಬಿಗಳನ್ನು ಆಚೆ ಸರಿಸಿಕೊಟ್ಟವರು ಅವರೇ.

ಇಲ್ಲಿ ಒಂದು ಕಾನೂನಿನ ಮಾತು ಹೇಳಬೇಕು. ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ಓದಿಕೊಂಡೆ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ದಿನ ಮೀರಿ ಬಂದ ಸರಕನ್ನು ಮಾರಾಟಗಾರ ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಹಿಂದಿರುಗಿಸುವುದಿಲ್ಲ ಎನ್ನುವಂತಿಲ್ಲ. ಯಾರಿಂದಲೂ ತಡೆಯಲಾಗದ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ಅದಕ್ಕೆ ವಿನಾಯಿತಿ. ಹವ್ಯಾಸಕ್ಕೆ ಒಮ್ಮೆ ಏನೋ ಮಾರಿದವರಿಗೆ ಈ ನಿಯಮ ತಾಗುವುದಿಲ್ಲ. ವ್ಯಾಪಾರವೆಂದು ಪದೇ ಪದೇ ಮಾರುವವರು, ಮನೆಯಿಂದಲೇ ಮಾರಿದರೂ, ಹೊರಗುಳಿಯುವಂತಿಲ್ಲ. ಮಳೆಯ ಹೆಸರು ಹೇಳಿದಾಗ ನನಗೆ ಅರಿವಿಲ್ಲದೆಯೇ ನಾನು ಆ ವಿನಾಯಿತಿಯ ಬಾಗಿಲನ್ನು ತಟ್ಟಿದ್ದೆ. ಆದರೆ ‘ಹೇಳಿದ ದಿನ’ ಯಾವುದೆಂದು ತೀರ್ಮಾನಿಸಲು ಯಾವ ಕಾಗದಪತ್ರವೂ ಬೇಕಿರಲಿಲ್ಲ. ವಾಟ್ಸಾಪ್‌ನಲ್ಲಿ ಶುಕ್ರವಾರ ಎಂದು ನಾನೇ ಬರೆದುಕೊಟ್ಟಿದ್ದೆ, ಮಳೆಗೆ ಮುಂಚಿನ ವಿಳಂಬ ಕೊರಿಯರ್‌ನವರ ಪುಟದಲ್ಲೇ ಇತ್ತು. ಅವರ ಎರಡು ಚಿತ್ರ ಸೇರಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕೊಡಬಹುದಾದ ಅಚ್ಚುಕಟ್ಟಾದ ದೂರು.

ಎರಡನೆಯ ಉತ್ತರ ಬರೆಯಲು ಬೆಳಗಿನ ಹೊತ್ತೆಲ್ಲ ಹೋಯಿತು. ಮೊದಲು ಬರೆದದ್ದು ಉದ್ದವಾಗಿತ್ತು: ದಹಿ ಹಂಡಿ, ಭಾನುವಾರ, ನೀರು, ಮಗನ ಜ್ವರ ಎಲ್ಲ ಇತ್ತು. ಪ್ರತಿಯೊಂದೂ ನಿಜ. ಓದಿದರೆ ಮಾತ್ರ ತಪ್ಪೊಪ್ಪಿಕೊಳ್ಳುವ ಹೆಂಗಸಿಗಿಂತ ಕರುಣೆ ಕೇಳುವ ಹೆಂಗಸು ಕಾಣುತ್ತಿದ್ದಳು. ಹಬ್ಬಕ್ಕೆ ಇನ್ನೆರಡೇ ದಿನ ಇರುವವರಿಗೆ ನನ್ನ ಮನೆಯ ಜ್ವರ ಕಟ್ಟಿಕೊಂಡು ಏನಾಗಬೇಕು? ಅದನ್ನೆಲ್ಲ ತೆಗೆದೆ. ಕೊನೆಗೆ ಗುಂಪಿನಲ್ಲಿ ಹಾಕಿದ್ದು ಇದು:

“ಅಕ್ಕ, ನಮಸ್ಕಾರ. ನೀವು ಹೇಳಿದ್ದು ಸರಿ. ಶನಿವಾರ ನಾನು ಲೇಬಲ್ ಮಾತ್ರ ಮಾಡಿದ್ದು. ಪಾರ್ಸೆಲ್ ಬುಧವಾರದವರೆಗೆ ನನ್ನ ಮನೆಯಲ್ಲೇ ಇತ್ತು. ಕಳಿಸಿದೆ ಎಂದದ್ದು ಸುಳ್ಳು, ನಿನ್ನೆ ಎಲ್ಲವನ್ನೂ ಮಳೆಯ ಮೇಲೆ ಹಾಕಿದ್ದೂ ತಪ್ಪು. ನೀವು ಕೇಳಿದಾಗ ಉತ್ತರ ಕೊಡದೇ ಇದ್ದದ್ದಕ್ಕೆ, ನಿಮ್ಮ ವಿಳಾಸ ಕಾಣುವ ಫೋಟೋ ಹಾಕಿದ್ದಕ್ಕೆ ಕ್ಷಮಿಸಿ. ಪಾರ್ಸೆಲ್ ಗುರುವಾರ ರಾತ್ರಿಯಿಂದ ಭಿವಂಡಿಯಲ್ಲಿದೆ. ಮಂಗಳವಾರದೊಳಗೆ ದಾವಣಗೆರೆಗೆ ಬರುತ್ತದೆಂಬ ನಂಬಿಕೆ ನನಗಿಲ್ಲ. ಇವತ್ತು ಸಂಜೆ ಸಾಯನ್‌ನಿಂದ ಹೊರಡುವ ಬಸ್ಸಿನಲ್ಲಿ ಇನ್ನೊಂದು ಸೆಟ್ ಕಳಿಸಬಲ್ಲೆ, ನಾಳೆ ಬೆಳಿಗ್ಗೆ ಬಸ್ಸಿನ ಆಫೀಸಿನಲ್ಲಿ ಸಿಗುತ್ತದೆ. ಆದರೆ ನನ್ನ ಹತ್ತಿರ ಉಳಿದಿರುವುದು ಹಸಿರು ಕಲ್ಲಿನದಲ್ಲ, ಕೆಂಪು ಕಲ್ಲಿನದು. ಬೇಡವಾದರೆ ಕಟ್ಟಿದ 1,400 ರೂಪಾಯಿ ಪೂರ್ತಿ ಇವತ್ತೇ ವಾಪಸ್. ಯಾವುದು ಬೇಕೆಂದು 4 ಗಂಟೆಯೊಳಗೆ ಹೇಳಿ.”

ಇದರಲ್ಲಿ ನನಗೆ ಈಗಲೂ ಸರಿ ಅನ್ನಿಸುವುದು “ನಂಬಿಕೆ ನನಗಿಲ್ಲ” ಎಂಬ ಸಾಲು. ಗಿರಾಕಿಗೆ ಪಾರ್ಸೆಲ್ ಬರುತ್ತದೆ ಎಂಬ ಭರವಸೆಗಿಂತ ಬರುವುದಿಲ್ಲ ಎಂಬ ಸುದ್ದಿ ಎಷ್ಟೋ ಸಲ ಹೆಚ್ಚು ಉಪಯೋಗದ್ದು, ಬೇಗ ಸಿಕ್ಕರೆ. ಆ ಸಾಲನ್ನು ನಾನು ಗುರುವಾರ ರಾತ್ರಿ, ಇಲ್ಲವೇ ಭಿವಂಡಿಯಿಂದ ಕದಲದಿದ್ದಾಗ ಶುಕ್ರವಾರ ರಾತ್ರಿ ಬರೆದಿದ್ದರೆ ಅವರು ಶನಿವಾರ ದಾವಣಗೆರೆಯ ಪೇಟೆಗೆ ಹೋಗಿ ತಮಗೆ ಬೇಕಾದ ಹಸಿರು ಕಲ್ಲಿನದನ್ನೇ ಕೊಳ್ಳಬಹುದಿತ್ತು. ಸ್ಕ್ರೀನ್‌ಶಾಟೂ ಹುಟ್ಟುತ್ತಿರಲಿಲ್ಲ.

ಬಸ್ಸಿನ ಉಪಾಯ ಹೊಸದೇನಲ್ಲ. ಮುಂಬಯಿ ಕನ್ನಡಿಗರು ಊರಿಗೆ ಮಾತ್ರೆ, ಸೀರೆ, ಮದುವೆ ಪತ್ರಿಕೆಯ ಕಟ್ಟು ಕಳಿಸುವುದು ಹೀಗೆಯೇ. ಸಾಯನ್, ಚೆಂಬೂರು ಕಡೆಯಿಂದ ಸಂಜೆ ಹೊರಡುವ ಸ್ಲೀಪರ್ ಬಸ್ಸುಗಳು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಳಗಾಗುವಾಗ ದಾವಣಗೆರೆಯ ಹೆದ್ದಾರಿಯಲ್ಲಿರುತ್ತವೆ. ಬಾಗಿಲಿಗೆ ತಂದುಕೊಡುವುದಿಲ್ಲ, ಹೋಗಿ ಬಿಡಿಸಿಕೊಳ್ಳಬೇಕು, ಸ್ಕ್ಯಾನ್ ಇಲ್ಲ, ರಸೀದಿಯ ಮೇಲಿನ ಫೋನ್ ನಂಬರೇ ಟ್ರ್ಯಾಕಿಂಗ್. ಆದರೂ ಹಬ್ಬದ ಹಿಂದಿನ ದಿನಕ್ಕೆ ಅದಕ್ಕಿಂತ ಗಟ್ಟಿ ದಾರಿ ಇಲ್ಲ.

ಆದರೆ ನನ್ನ ಉತ್ತರದ ಕೊನೆಯ ಸಾಲೇ ಅದನ್ನು ಕೆಡಿಸಿತು. ಆಯ್ಕೆ ಕೊಡುವುದು ಮರ್ಯಾದೆ ಎಂದುಕೊಂಡಿದ್ದೆ. ನಾಲ್ಕು ಗಂಟೆಯಾಯಿತು, ಉತ್ತರವಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಐದಾಯಿತು. ಕೆಂಪು ಕಲ್ಲಿನ ಸೆಟ್ಟನ್ನು ಡಬ್ಬಿಗೆ ಹಾಕಿ, ಟೇಪು ಸುತ್ತಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತವಳು, ಅವರಿಗೆ ಬೇಡವಾದರೆ ಎಂದು ಮತ್ತೆ ಒಳಗೆ ಬಂದೆ. ಅವರು ಸಂದೇಶ ನೋಡಿದ್ದು ಏಳು ಗಂಟೆಯ ಮೇಲೆ. ಹಬ್ಬದ ಮುಂಚಿನ ಭಾನುವಾರ, ಮನೆ ತೊಳೆಯುವ ದಿನ, ಯಾರು ಫೋನ್ ಹಿಡಿದು ಕೂರುತ್ತಾರೆ? “ಕಳಿಸಿಬಿಡಿ, ಕೆಂಪಾದರೂ ಆಗುತ್ತಿತ್ತು” ಎಂದು ಬರೆದರು. ಬಸ್ಸು ಹೋಗಿಯಾಗಿತ್ತು. ಸೋಮವಾರದ ಬಸ್ಸು ತಲುಪುವುದು ಮಂಗಳವಾರ, ಹಬ್ಬದ ಬೆಳಿಗ್ಗೆ. ಗೌರಿಯನ್ನು ಕೂರಿಸುವ ಹೊತ್ತಿಗೆ ಬಸ್ಸಿನ ಆಫೀಸಿನ ಮುಂದೆ ನಿಲ್ಲಲು ಅವರು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಬಸ್ಸಿನ ಪಾರ್ಸೆಲ್ಲಿಗೆ ಇನ್ನೂರು ಮುನ್ನೂರು ರೂಪಾಯಿ ಆಗುತ್ತಿತ್ತೋ ಏನೋ. ಮೊದಲು ಬಸ್ಸಿಗೆ ಹಾಕಿ, ಆಮೇಲೆ “ಕಳಿಸಿದ್ದೇನೆ, ಬೇಡವೆಂದರೆ ಬಿಡಿಸಿಕೊಳ್ಳಬೇಡಿ, ಹಣ ಹೇಗೂ ವಾಪಸ್ ಬರುತ್ತದೆ” ಎನ್ನಬೇಕಿತ್ತು. ಆ ಒಂದು ಸಲವಾದರೂ ‘ಕಳಿಸಿದೆ’ ಎಂಬುದು ನಿಜವಾಗಿರುತ್ತಿತ್ತು.

ಅದೇ ರಾತ್ರಿ ಯುಪಿಐನಲ್ಲಿ ಹಣ ಹಾಕಿ, ಹನ್ನೆರಡು ಅಂಕಿಯ ರೆಫರೆನ್ಸ್ ನಂಬರನ್ನು ಅವರಿಗೆ ಮಾತ್ರ ಕಳಿಸಿದೆ. ಗುಂಪಿನಲ್ಲಿ ಅವರೇ ಬರೆದರು: “ದುಡ್ಡು ಬಂತು. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ಹಳೆಯ ಸರ ಇದೆ, ಅದನ್ನೇ ಹಾಕುತ್ತೇನೆ.” ಆಮೇಲೆ ಅವರು ನನ್ನಲ್ಲಿ ಏನೂ ಕೊಂಡಿಲ್ಲ. ಗುಂಪು ಬಿಟ್ಟೂ ಹೋಗಿಲ್ಲ.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಏಳುವಷ್ಟರಲ್ಲಿ ಇನ್ನಷ್ಟು ಸಂದೇಶಗಳು ಕೂತಿದ್ದವು. ಆ ಶನಿವಾರ ನಾನು ಲೇಬಲ್ ಮಾಡಿದ್ದು ಒಂದೇ ಡಬ್ಬಿಗಲ್ಲವಲ್ಲ! ಹಾವೇರಿಯವರು, ಶಿವಮೊಗ್ಗದವರು, ಭದ್ರಾವತಿಯವರು, ಎಲ್ಲರಿಗೂ ಅದೇ ಹೊತ್ತಿಗೆ ಅದೇ ಮಾತು ಬರೆದಿದ್ದೆ. ನನ್ನ ಬಹಿರಂಗ ಉತ್ತರ ಓದಿ ಒಬ್ಬೊಬ್ಬರೂ ತಮ್ಮ ತಮ್ಮ ಟ್ರ್ಯಾಕಿಂಗ್ ಪುಟ ತೆಗೆದು 20ರ ದಿನಾಂಕ ಕಂಡುಕೊಂಡಿದ್ದರು. ಶನಿವಾರ ರಾತ್ರಿ ಕೈಮುಗಿದ ಚಿಹ್ನೆ ಹಾಕಿದವರಲ್ಲೊಬ್ಬರು ಎಲ್ಲರಿಗಿಂತ ಖಾರವಾಗಿ ಬರೆದಿದ್ದರು, ಅದು ನ್ಯಾಯವೇ. ಸ್ಕ್ರೀನ್‌ಶಾಟ್ ಹಾಕಿದವರೊಬ್ಬರಿಗೆ ಉತ್ತರ ಬರೆಯುತ್ತಾ ಭಾನುವಾರದ ಬೆಳಗನ್ನು ಕಳೆದಿದ್ದೆ. ಅದೇ ಚೀಲದಲ್ಲಿ ಹೋದ ಉಳಿದ ಡಬ್ಬಿಗಳ ಒಡತಿಯರು ಬಾಯಿಬಿಡದ ಕಾರಣ ಅವರ ನೆನಪೇ ಬರಲಿಲ್ಲ. ಗುಂಪಿಗೆ ಹಾಕುವ ಮೊದಲು ಅವರಿಗೆ ಒಬ್ಬೊಬ್ಬರಿಗೆ ಬರೆದಿದ್ದರೆ ಇಬ್ಬರಿಗಾದರೂ ಭಾನುವಾರದ ಬಸ್ಸಿನಲ್ಲಿ ಬೇರೆ ಸೆಟ್ ಕಳಿಸಬಹುದಿತ್ತು. ಸೋಮವಾರ ಕೇಳಿದವರಿಗೆಲ್ಲ ಹಣ ವಾಪಸ್ ಮಾಡಿದೆ. ವರಮಹಾಲಕ್ಷ್ಮಿಯಲ್ಲಿ ಗಳಿಸಿದ್ದು ಗೌರಿಯಲ್ಲಿ ಹೋಯಿತು.

ದಾವಣಗೆರೆಯ ಡಬ್ಬಿಯನ್ನು ರದ್ದು ಮಾಡಲು ಪ್ಯಾನಲ್‌ನಲ್ಲಿ ಭಾನುವಾರವೇ ಕೇಳಿದ್ದೆ. ಒಮ್ಮೆ ‘ಪಿಕ್ಡ್ ಅಪ್’ ಆದ ಮೇಲೆ ರದ್ದು ಎಂಬುದಿಲ್ಲ, ‘ಆರ್‌ಟಿಒ’ ಮಾತ್ರ, ಅಂದರೆ ಹೊರಟ ಜಾಗಕ್ಕೇ ವಾಪಸ್. ಆ ಸೂಚನೆ ತಲುಪುವ ಮೊದಲೇ ಪಾರ್ಸೆಲ್ ಭಿವಂಡಿ ಬಿಟ್ಟಿತು, ಚೌತಿಯ ಮರುದಿನ ಗುರುವಾರ 28ರಂದು ಅವರ ಮನೆ ಬಾಗಿಲಿಗೆ ಹೋಯಿತು. ನಾನು ಕೇಳಿಕೊಂಡಂತೆ ಅವರು ಬೇಡವೆಂದು ಕಳಿಸಿದರು. ಸೆಪ್ಟೆಂಬರಿನಲ್ಲಿ ಅದು ಆಂಟಾಪ್ ಹಿಲ್‌ಗೆ ಮರಳಿ ಬಂತು, ಟೇಪು ಬಿಚ್ಚದೆ. ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನನ್ನ ಖಾತೆಯಿಂದ ಕಡಿತ. ಅದೂ ತೂಕದ ಲೆಕ್ಕದಲ್ಲಲ್ಲ: ಉದ್ದ 30, ಅಗಲ 22, ಎತ್ತರ 12 ಸೆಂಟಿಮೀಟರ್ ಗುಣಿಸಿ 5,000ದಿಂದ ಭಾಗಿಸಿದರೆ 1.58 ಕೆಜಿ, ಅರ್ಧ ಕೆಜಿಯ ಹಂತಕ್ಕೆ ಏರಿಸಿದರೆ ಎರಡು ಕೆಜಿ. ಒಳಗಿದ್ದ ಒಡವೆ ಮುಕ್ಕಾಲು ಕೆಜಿಯೂ ಇರಲಿಲ್ಲ. ಕಿರೀಟ ಬಾಗದಿರಲಿ ಎಂದು ದೊಡ್ಡ ಡಬ್ಬಿ ಹಿಡಿದಿದ್ದೆ.

ಈಗ ‘ಪಿಕ್ಡ್ ಅಪ್’ ಸ್ಕ್ಯಾನ್ ಬೀಳುವವರೆಗೆ ನಂಬರ್ ಕೊಡುವುದಿಲ್ಲ. ಅದಕ್ಕೆ ಮುಂಚೆ ಹೋಗುವ ಸಂದೇಶ ಹೀಗಿದೆ: “ಡಬ್ಬಿ ಕಟ್ಟಿಟ್ಟಿದ್ದೇನೆ, ಇನ್ನೂ ನಮ್ಮ ಮನೆಯಲ್ಲೇ ಇದೆ. ಕೊರಿಯರ್‌ನವರು ಒಯ್ದ ಸಂಜೆ ನಂಬರ್ ಕಳಿಸುತ್ತೇನೆ.” ‘24 ಗಂಟೆಯಲ್ಲಿ ರವಾನೆ’ ಎಂಬ ಸಾಲನ್ನು ತೆಗೆದಿದ್ದೇನೆ. ತಲುಪುವ ದಿನ ಹೇಳುವಾಗ ಹಣ ಬಂದ ದಿನದಿಂದ ಎಣಿಸುವುದನ್ನು ಬಿಟ್ಟು ಪಿಕಪ್ ಆದ ದಿನದಿಂದ ಎಣಿಸುತ್ತೇನೆ, ನಡುವೆ ಬರುವ ಭಾನುವಾರ, ರಜೆ ತೆಗೆದು. ಹಬ್‌ನಲ್ಲಿ ಒಂದು ದಿನ ಕದಲದಿದ್ದರೆ ಅವರು ಕೇಳುವ ಮೊದಲೇ ಅಲ್ಲೇ ನಿಂತಿದೆ ಎಂದು ಬರೆಯುತ್ತೇನೆ. ಇದರಿಂದ ವ್ಯಾಪಾರ ಬೆಳೆಯಿತೇ ಎಂದು ಕೇಳಿದರೆ, ಇಲ್ಲ. ಆ ವರ್ಷದ ದೀಪಾವಳಿಗೆ ಆರ್ಡರು ಹಿಂದಿನದಕ್ಕಿಂತ ಕಡಿಮೆ ಬಂದವು. ಮನೆಯಲ್ಲೇ ಇದೆ ಎಂದು ಓದಿದ ಕೂಡಲೇ ಕೆಲವರು ಹಣ ವಾಪಸ್ ಕೇಳುತ್ತಾರೆ. ಧನತ್ರಯೋದಶಿಗೆ ಲಕ್ಷ್ಮಿಯ ಸೆಟ್ ಬೇಕೆಂದ ಗದಗಿನವರೊಬ್ಬರು, ಇನ್ನೊಬ್ಬ ಮಾರುವವರು ಒಂದು ಗಂಟೆಯೊಳಗೆ ಟ್ರ್ಯಾಕಿಂಗ್ ನಂಬರ್ ಕೊಟ್ಟರೆಂದು ಅವರ ಲೇಬಲ್ಲಿನ ಚಿತ್ರವನ್ನೇ ನನಗೆ ಕಳಿಸಿದರು. ಆ ನಂಬರನ್ನು ಹಾಕಿ ನೋಡಿದೆ. ‘ಪಿಕಪ್ ಶೆಡ್ಯೂಲ್ಡ್’ ಎಂದಿತ್ತು. ಅದನ್ನು ಅವರಿಗೆ ಹೇಳಲೋ ಬೇಡವೋ ಎಂದು ಯೋಚಿಸಿ, ಸುಮ್ಮನೆ ಅವರ ಹಣ ವಾಪಸ್ ಹಾಕಿದೆ.